ತಿದ್ದುಪಡಿಯ ಪತ್ರದಲ್ಲಿ ಬಯಲಾದ 90 ವಿಳಾಸಗಳು: ಸಿಸಿ, ಬಿಸಿಸಿ ಮತ್ತು ರಿಪ್ಲೈ ಆಲ್ ಕುರಿತ ಒಂದು ಪ್ರಕರಣ ಅಧ್ಯಯನ

2017ರ ಫೆಬ್ರವರಿ 27ರಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಗಳ ತನಿಖೆಗಾಗಿ ರಚಿತವಾಗಿದ್ದ ಸ್ವತಂತ್ರ ಆಯೋಗದ ಸಿಬ್ಬಂದಿಯೊಬ್ಬರು ತನಿಖೆಯಲ್ಲಿ ಭಾಗಿಗಳಾಗಿದ್ದ 90 ಜನರಿಗೆ ಮುಂಬರುವ ಒಂದು ಬಹಿರಂಗ ವಿಚಾರಣೆಯ ಮಾಹಿತಿಯನ್ನು ಇಮೇಲ್ ಮೂಲಕ ಕಳುಹಿಸಿದರು. ಎಲ್ಲ ವಿಳಾಸಗಳನ್ನೂ ಬಿಸಿಸಿ ಸಾಲಿನಲ್ಲಿ ಹಾಕಿದ್ದರಿಂದ ಪತ್ರ ಯಾರು ಯಾರಿಗೆ ಹೋಗಿದೆ ಎಂಬುದು ಯಾರಿಗೂ ತಿಳಿಯಲಿಲ್ಲ. ಅಲ್ಲಿಯವರೆಗೆ ಕೆಲಸ ಸರಿಯಾಗಿಯೇ ನಡೆದಿತ್ತು. ಕಳುಹಿಸಿದ ಮೇಲೆ ಪತ್ರದಲ್ಲಿ ಒಂದು ತಪ್ಪು ಉಳಿದಿರುವುದು ಗಮನಕ್ಕೆ ಬಂತು. ಅದನ್ನು ಸರಿಪಡಿಸಲು ಎರಡನೆಯ ಪತ್ರವೊಂದು ಹೊರಟಿತು, ಮತ್ತು ಆ ಪತ್ರದಲ್ಲಿ ಅದೇ 90 ವಿಳಾಸಗಳು ಬಿಸಿಸಿಯ ಬದಲು ಎಲ್ಲರಿಗೂ ಕಾಣುವ ಟು ಸಾಲಿನಲ್ಲಿ ಕುಳಿತಿದ್ದವು.

ಈ ಪಟ್ಟಿಯಲ್ಲಿ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿದ್ದಿರಬಹುದಾದವರ ವಿಳಾಸಗಳಿದ್ದವು ಎಂಬುದೇ ವಿಷಯದ ತೂಕ. ಬೇರೆ ಸಂದರ್ಭದಲ್ಲಿ ಇಮೇಲ್ ವಿಳಾಸವೊಂದು ನಾಲ್ಕು ಜನರಿಗೆ ತಿಳಿದರೆ ಕಿರಿಕಿರಿಯಷ್ಟೇ ಆದೀತು; ಆದರೆ ಇಲ್ಲಿ ಪಟ್ಟಿಯಲ್ಲಿ ಹೆಸರಿರುವುದೇ ಒಂದು ಮಾಹಿತಿ, ಅದೂ ಮನೆಯವರಿಗೂ ಹೇಳಿರದೆ ಇರಬಹುದಾದ ಮಾಹಿತಿ. ಬಯಲಾದ 90 ವಿಳಾಸಗಳ ಪೈಕಿ 52ರಲ್ಲಿ ವ್ಯಕ್ತಿಯ ಪೂರ್ಣ ಹೆಸರು ವಿಳಾಸದೊಳಗೇ ಇತ್ತು, ಇಲ್ಲವೇ ವಿಳಾಸದ ಪಕ್ಕದಲ್ಲಿ ಹೆಸರಿನ ಚೀಟಿಯಂತೆ ಅಂಟಿಕೊಂಡಿತ್ತು.

ತಪ್ಪಾಗಿರುವುದನ್ನು ಆಯೋಗಕ್ಕೆ ತಿಳಿಸಿದ್ದು ಪತ್ರ ಪಡೆದವರಲ್ಲೇ ಒಬ್ಬರು. ಅವರು ಟು ಸಾಲಿಗೆ ಇನ್ನೂ ಎರಡು ವಿಳಾಸಗಳನ್ನು ಸೇರಿಸಿ ರಿಪ್ಲೈ ಆಲ್ ಒತ್ತಿದರು. ಅಂದರೆ ದೂರೇ ಪಟ್ಟಿಯನ್ನು ಮತ್ತಷ್ಟು ಹರಡಿತು. ಆಮೇಲೆ, ಮೂಲ ಪತ್ರವನ್ನು ಅಳಿಸಿಹಾಕಿ, ಮುಂದೆ ಯಾರಿಗೂ ಕಳುಹಿಸಬೇಡಿ ಎಂದು ಕೋರಿ ಆಯೋಗವು ಮೂರು ಪತ್ರಗಳನ್ನು ಬರೆಯಿತು. ಅವುಗಳಲ್ಲಿ ಒಂದಕ್ಕೆ 39 ರಿಪ್ಲೈ ಆಲ್ ಉತ್ತರಗಳು ಬಂದವು. ಆಯೋಗಕ್ಕೂ, ಜನರ ಖಾಸಗಿ ಮಾಹಿತಿಯ ರಕ್ಷಣೆಯನ್ನು ನೋಡಿಕೊಳ್ಳುವ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಗೂ ಸೇರಿ 22 ದೂರುಗಳು ಹೋದವು, ಮತ್ತು 2018ರ ಜುಲೈನಲ್ಲಿ ಆಯುಕ್ತರ ಕಚೇರಿ ಆಯೋಗಕ್ಕೆ 2,00,000 ಪೌಂಡ್ ದಂಡ ವಿಧಿಸಿತು. ಆಗ ಈ ಪ್ರಕರಣಕ್ಕೆ ಅನ್ವಯಿಸುತ್ತಿದ್ದ 1998ರ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ವಿಧಿಸಬಹುದಾಗಿದ್ದ ಗರಿಷ್ಠ ದಂಡ 5,00,000 ಪೌಂಡ್.

ಬಿಸಿಸಿ ಮರೆತು ವಿಳಾಸಗಳು ಬಯಲಾದ ಪ್ರಕರಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಇದನ್ನು ಆರಿಸಿಕೊಳ್ಳಲು ಕಾರಣವೆಂದರೆ, ಇಲ್ಲಿ ಬಿಸಿಸಿಯ ಸರಿಯಾದ ಬಳಕೆ, ಅದರ ವೈಫಲ್ಯ, ರಿಪ್ಲೈ ಆಲ್‌ನ ಗದ್ದಲ, ಕೊನೆಗೆ ಮೇಲಿಂಗ್ ಲಿಸ್ಟ್ ಕೂಡ ಕೈಕೊಟ್ಟದ್ದು, ಎಲ್ಲವೂ ಒಂದೇ ಎಳೆಯಲ್ಲಿ ಸಿಗುತ್ತವೆ.

ಪತ್ರದೊಳಗೆ ಏನಿರುತ್ತದೆ

ಸಿಸಿಯ ಅರ್ಥ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಹೊಸತಲ್ಲ. ಆದೇಶವನ್ನು ಯಾರಿಗೆ ಬರೆದಿದೆಯೋ ಅವರ ವಿಳಾಸ ಮೇಲಿರುತ್ತದೆ, ಕೆಳಗೆ ‘ಪ್ರತಿ’ ಎಂಬ ತಲೆಬರಹದಡಿ ಮಾಹಿತಿಗಾಗಿ ಯಾರು ಯಾರಿಗೆ ಕಳುಹಿಸಿದೆ ಎಂಬ ಪಟ್ಟಿ ಇರುತ್ತದೆ. ಮೇಲಿರುವವರು ಕ್ರಮ ಕೈಗೊಳ್ಳಬೇಕು, ಕೆಳಗಿರುವವರು ತಿಳಿದುಕೊಂಡರೆ ಸಾಕು, ಮತ್ತು ಯಾರಿಗೆಲ್ಲ ತಿಳಿದಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಇಮೇಲ್‌ನ ಟು ಮತ್ತು ಸಿಸಿ ಸಾಲುಗಳ ಸಂಬಂಧ ಇಷ್ಟೇ. ಬಿಸಿಸಿ ಎಂದರೆ ಆ ಪಟ್ಟಿಯಲ್ಲಿ ನಮೂದಾಗದೆ ಹೋದ ಪ್ರತಿ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಹಾಳೆ ಇಟ್ಟು ತೆಗೆದ ಪ್ರತಿಗಳಲ್ಲಿ ಒಂದನ್ನು, ಮೂಲ ಪತ್ರದಲ್ಲಿ ಸುಳಿವು ಕೊಡದೆ ಬೇರೊಬ್ಬರಿಗೆ ಕಳುಹಿಸುತ್ತಿದ್ದ ಪದ್ಧತಿಯ ಮುಂದುವರಿಕೆ.

ತಾಂತ್ರಿಕವಾಗಿ ಇದು ಸಾಧ್ಯವಾಗುವುದು, ಪತ್ರ ಎಲ್ಲಿಗೆ ತಲುಪಬೇಕು ಎಂಬ ಸೂಚನೆಯೂ ಪತ್ರದ ತಲೆಯಲ್ಲಿ ಕಾಣುವ ಹೆಸರುಗಳೂ ಇಮೇಲ್ ವ್ಯವಸ್ಥೆಯಲ್ಲಿ ಬೇರೆ ಬೇರೆಯಾಗಿರುವುದರಿಂದ. ಕಳುಹಿಸುವ ಸರ್ವರ್ ಮೊದಲು ತಲುಪಬೇಕಾದ ವಿಳಾಸಗಳನ್ನು ಒಂದೊಂದಾಗಿ ಹೇಳುತ್ತದೆ, ನಂತರ ಪತ್ರವನ್ನು ಒಪ್ಪಿಸುತ್ತದೆ. ಬಿಸಿಸಿ ಬಳಸಿದ ಮೊದಲನೆಯಂಥ ಪತ್ರವೊಂದು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

```
MAIL FROM:<office@example.org>
RCPT TO:<bird71@example.net>
RCPT TO:<second@example.net>
DATA
From: office@example.org
To: office@example.org
Subject: Public hearing
```

`RCPT TO` ಎಂಬ ಸಾಲುಗಳು ಸರ್ವರ್‌ಗಳ ನಡುವಿನ ಮಾತು. ಅವು ಓದುಗರ ಪರದೆಗೆ ಬರುವುದಿಲ್ಲ. `DATA` ನಂತರ ಬರುವುದಷ್ಟೇ ಪತ್ರ. ಬಿಸಿಸಿಯಲ್ಲಿ ಹಾಕಿದ ವಿಳಾಸಗಳು ಮೇಲಿನ ಭಾಗದಲ್ಲಿ ಮಾತ್ರ ಇದ್ದು ಕೆಳಗಿನ ಭಾಗದಿಂದ ಕೈಬಿಟ್ಟಿರುತ್ತವೆ. ಅದೇ ವಿಳಾಸಗಳನ್ನು ಟು ಸಾಲಿನಲ್ಲಿ ಹಾಕಿದಾಗ ಅವು ಪತ್ರದ ಅಂಗವೇ ಆಗಿಬಿಡುತ್ತವೆ:

```
To: "Full Name" <bird71@example.net>, second@example.net
```

ಇಲ್ಲಿ ಉದ್ಧರಣ ಚಿಹ್ನೆಗಳೊಳಗೆ ಇರುವ ಹೆಸರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಆ ‘ಹೆಸರಿನ ಚೀಟಿ’ ಹುಟ್ಟುವುದು ಇಲ್ಲಿ. ಒಬ್ಬರು ತಮ್ಮ ಗುರುತು ಸಿಗಬಾರದೆಂದೇ ಹೆಸರಿನ ಸುಳಿವಿಲ್ಲದ ವಿಳಾಸವೊಂದನ್ನು ಮಾಡಿಕೊಂಡಿರಬಹುದು. ಆದರೆ ಕಚೇರಿಯ ಸಂಪರ್ಕ ಪಟ್ಟಿಯಲ್ಲಿ ಆ ವಿಳಾಸವನ್ನು ಅವರ ಪೂರ್ಣ ಹೆಸರಿನೊಂದಿಗೆ ಉಳಿಸಿಕೊಂಡಿದ್ದರೆ, ಕಳುಹಿಸುವವರ ತಂತ್ರಾಂಶ ತಾನಾಗಿಯೇ ಆ ಹೆಸರನ್ನು ವಿಳಾಸದ ಮುಂದೆ ಬರೆದು ಕಳುಹಿಸುತ್ತದೆ. ಟು ಅಥವಾ ಸಿಸಿ ಸಾಲಿನಲ್ಲಿದ್ದಾಗ ಅದು ಎಲ್ಲರಿಗೂ ಕಾಣುತ್ತದೆ. ಹೆಸರು ಮುಚ್ಚಿಟ್ಟುಕೊಳ್ಳಲು ಒಬ್ಬ ವ್ಯಕ್ತಿ ಮಾಡಿಕೊಂಡ ಏರ್ಪಾಡನ್ನು ಬೇರೊಬ್ಬರ ಸಂಪರ್ಕ ಪಟ್ಟಿ ಹೀಗೆ ನಿಷ್ಫಲಗೊಳಿಸಬಲ್ಲದು. ಸೂಕ್ಷ್ಮ ಪಟ್ಟಿಗಳನ್ನು ಇಟ್ಟುಕೊಳ್ಳುವವರು ಸಂಪರ್ಕ ಪಟ್ಟಿಯ ಹೆಸರಿನ ಕಡೆ ಕ್ರಮಸಂಖ್ಯೆಯನ್ನೋ ಸಂಕೇತವನ್ನೋ ಬರೆದುಕೊಂಡು, ಸಂಕೇತಕ್ಕೂ ಹೆಸರಿಗೂ ಇರುವ ಸಂಬಂಧವನ್ನು ಬೇರೆಡೆ ಇಡುವುದು ಅದಕ್ಕಾಗಿಯೇ ಒಳ್ಳೆಯದು.

ಎರಡನೆಯ ಪತ್ರ ಏಕೆ ಎಡವುತ್ತದೆ

ಮೊದಲ ಪತ್ರದಲ್ಲಿ ಸರಿಯಾಗಿ ಮಾಡಿದ ಕೆಲಸ ಎರಡನೆಯದರಲ್ಲಿ ತಪ್ಪಿದ್ದನ್ನು ಆ ಸಿಬ್ಬಂದಿಯ ಅಜಾಗರೂಕತೆ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಹಾಗೆ ಹೇಳಿದರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ತಿದ್ದುಪಡಿ ಪತ್ರ ಬರೆಯುವ ಸನ್ನಿವೇಶವೇ ಬೇರೆ. ಮೊದಲ ಪತ್ರವನ್ನು ಸಾವಧಾನವಾಗಿ ಸಿದ್ಧಪಡಿಸಲು ಅವಕಾಶವಿರುತ್ತದೆ. ತಿದ್ದುಪಡಿಯನ್ನು, ಜನ ತಪ್ಪು ಮಾಹಿತಿಯನ್ನು ನಂಬಿಬಿಟ್ಟಾರು ಎಂಬ ಆತಂಕದಲ್ಲಿ ಕಳುಹಿಸಲಾಗುತ್ತದೆ. ಗಮನವೆಲ್ಲ ತಪ್ಪಾದ ವಾಕ್ಯದ ಮೇಲೆ ನೆಟ್ಟಿರುವುದರಿಂದ ವಿಳಾಸದ ಸಾಲು ಯಾಂತ್ರಿಕ ಕೆಲಸವಾಗಿ ಉಳಿಯುತ್ತದೆ.

ಇದಕ್ಕೆ ತಂತ್ರಾಂಶದ ವಿನ್ಯಾಸವೂ ಸೇರಿಕೊಳ್ಳುತ್ತದೆ. ಹೊಸ ಪತ್ರವೊಂದನ್ನು ತೆರೆದಾಗ ಬಹುತೇಕ ತಂತ್ರಾಂಶಗಳಲ್ಲಿ ಕರ್ಸರ್ ನಿಲ್ಲುವುದು ಟು ಸಾಲಿನಲ್ಲಿ. ಬಿಸಿಸಿ ಸಾಲು ಮೊದಲಿಗೆ ಕಾಣುವುದೇ ಇಲ್ಲ. ಜಿಮೇಲ್‌ನಲ್ಲಿ ಬಲತುದಿಯ ಗುಂಡಿಯನ್ನೋ `Ctrl+Shift+B` ಕೀಲಿಗಳನ್ನೋ ಒತ್ತಬೇಕು, ಕಂಪ್ಯೂಟರ್‌ನ ಔಟ್‌ಲುಕ್‌ನಲ್ಲಿ ಆಯ್ಕೆಗಳ ಪಟ್ಟಿಗೆ ಹೋಗಿ ಅದನ್ನು ತೋರಿಸುವಂತೆ ಹೇಳಬೇಕು. ಕಳುಹಿಸಿದ ಪತ್ರವನ್ನು ತೆರೆದು 90 ವಿಳಾಸಗಳನ್ನು ನಕಲು ಮಾಡಿ ಹೊಸ ಪತ್ರದಲ್ಲಿ ಅಂಟಿಸುವವರು ಏನನ್ನೂ ಬದಲಾಯಿಸದೆ ಅಂಟಿಸಿದರೆ ಅವು ಟು ಸಾಲಿಗೇ ಹೋಗುತ್ತವೆ. ಬಿಸಿಸಿ ಎನ್ನುವುದು ಪ್ರತಿ ಸಲವೂ ಮನುಷ್ಯ ನೆನಪಿಟ್ಟುಕೊಂಡು ಆರಿಸಬೇಕಾದ ಆಯ್ಕೆ, ಮರೆತರೆ ತಂತ್ರಾಂಶ ವಾಲುವುದು ಬಯಲು ಮಾಡುವ ಕಡೆಗೇ. ಎಷ್ಟೇ ಎಚ್ಚರದ ಸಿಬ್ಬಂದಿಯಾದರೂ ನೂರಾರು ಪತ್ರಗಳಲ್ಲಿ ಒಮ್ಮೆ ಈ ಹೆಜ್ಜೆಯನ್ನು ತಪ್ಪಿಸುವುದು ನಿರೀಕ್ಷಿತವೆಂದೇ ಹೇಳಬೇಕು.

ಕಳುಹಿಸಿದ ಪತ್ರವನ್ನು ಹಿಂದಕ್ಕೆ ಕರೆಸಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಔಟ್‌ಲುಕ್‌ನ ಹಿಂಪಡೆಯುವ ಸೌಲಭ್ಯ ಕೆಲಸ ಮಾಡುವುದು ಒಂದೇ ಸಂಸ್ಥೆಯೊಳಗಿನ ಖಾತೆಗಳ ನಡುವೆ. ಹೊರಗಿನ ಬೇರೆ ಬೇರೆ ಸೇವೆಗಳಲ್ಲಿ ಖಾತೆ ಇಟ್ಟುಕೊಂಡ ಸಾಮಾನ್ಯ ಜನರ ಪೆಟ್ಟಿಗೆಯಿಂದ ಪತ್ರವನ್ನು ಅದು ತೆಗೆಯಲಾರದು. ಜಿಮೇಲ್‌ನ ‘ರದ್ದುಮಾಡು’ ಎಂಬುದು ಹಿಂಪಡೆಯುವಿಕೆಯೇ ಅಲ್ಲ, ಹೆಚ್ಚೆಂದರೆ 30 ಸೆಕೆಂಡು ಪತ್ರವನ್ನು ತಡೆಹಿಡಿದಿಟ್ಟುಕೊಳ್ಳುವ ಏರ್ಪಾಡು. ಅದರ ಆರಂಭಿಕ ಅವಧಿ 30ಕ್ಕಿಂತ ಕಡಿಮೆ ಇರುತ್ತದೆ, ಆದ್ದರಿಂದ ಸೆಟ್ಟಿಂಗ್ಸ್‌ಗೆ ಹೋಗಿ 30ಕ್ಕೆ ಏರಿಸಿಟ್ಟುಕೊಳ್ಳುವುದು ಲೇಸು. ಔಟ್‌ಲುಕ್‌ನಲ್ಲಿ ಹೊರಹೋಗುವ ಎಲ್ಲ ಪತ್ರಗಳನ್ನೂ ಕೆಲವು ನಿಮಿಷ ತಡೆದು ಕಳುಹಿಸುವ ನಿಯಮವನ್ನು ಬರೆದುಕೊಳ್ಳಬಹುದು. ತಿದ್ದುಪಡಿಯ ಆತುರ ಇಳಿದು ಕಣ್ಣು ವಿಳಾಸದ ಸಾಲಿನ ಕಡೆಗೆ ಹೊರಳಲು ಐದು ನಿಮಿಷ ಸಾಕಾಗುತ್ತದೆ.

ತಪ್ಪಾದ ವಾಕ್ಯವನ್ನು ಸರಿಪಡಿಸಲು ಪತ್ರ ಬೇಕೇ ಎಂಬ ಪ್ರಶ್ನೆಯೂ ಇದೆ. ದಿನಾಂಕವೋ ಸ್ಥಳವೋ ತಪ್ಪಾಗಿದ್ದರೆ ಬೇಕೇಬೇಕು. ಕಾಗುಣಿತ ತಪ್ಪಿದ್ದರೆ ಬೇಡ. ಎರಡನೆಯ ಪತ್ರವೂ ಮೊದಲನೆಯದರಷ್ಟೇ ಅಪಾಯವನ್ನು ಹೊತ್ತುಕೊಂಡು ಹೋಗುತ್ತದೆ ಎಂದು ತಿಳಿದವರು ಈ ಎರಡರ ನಡುವಿನ ವ್ಯತ್ಯಾಸವನ್ನು ಕಳುಹಿಸುವ ಮೊದಲೇ ತೂಗಿ ನೋಡುತ್ತಾರೆ.

39 ಉತ್ತರಗಳು

ಪಟ್ಟಿ ಒಮ್ಮೆ ಬಯಲಾದ ಮೇಲೆ ನಡೆದದ್ದು ಇನ್ನೂ ವಿಚಾರಯೋಗ್ಯ. ರಿಪ್ಲೈ ಆಲ್ ಎಂಬ ಗುಂಡಿ ಏನು ಮಾಡುತ್ತದೆ ಎಂದರೆ, ತನ್ನ ಮುಂದಿರುವ ಪತ್ರದ ಕಳುಹಿಸಿದವರ ವಿಳಾಸ, ಟು ಸಾಲು ಮತ್ತು ಸಿಸಿ ಸಾಲು ಇವನ್ನು ಒಟ್ಟುಗೂಡಿಸಿ ಉತ್ತರದ ವಿಳಾಸಪಟ್ಟಿಯನ್ನು ಮಾಡುತ್ತದೆ. ಬಿಸಿಸಿಯಲ್ಲಿದ್ದವರು ಪತ್ರದಲ್ಲೇ ಇಲ್ಲದಿರುವುದರಿಂದ ಅವರಿಗೆ ಉತ್ತರ ಹೋಗುವ ಮಾತೇ ಇಲ್ಲ. ಆದ್ದರಿಂದ ಬಿಸಿಸಿಯ ಪತ್ರಕ್ಕೆ 90 ಜನರೂ ರಿಪ್ಲೈ ಆಲ್ ಒತ್ತಿದ್ದರೂ 90 ಉತ್ತರಗಳು ಆಯೋಗದ ಪೆಟ್ಟಿಗೆಗಷ್ಟೇ ಬಂದು ಬೀಳುತ್ತಿದ್ದವು. ಟು ಸಾಲಿನ ಪತ್ರದಲ್ಲಿ ಲೆಕ್ಕ ಬೇರೆ: ಒಂದು ಉತ್ತರವು ಉಳಿದ 89 ಜನರಿಗೂ ಹೋಗುವುದಾದರೆ, 39 ಉತ್ತರಗಳು ಸುಮಾರು 3,500 ಪ್ರತಿಗಳಾಗುತ್ತವೆ. ಪ್ರತಿಯೊಂದು ಪ್ರತಿಯ ತಲೆಯಲ್ಲೂ ಪೂರ್ತಿ ಪಟ್ಟಿ ಮತ್ತೆ ಇರುತ್ತದೆ. ಒಬ್ಬರು ಮೂಲ ಪತ್ರವನ್ನು ವಿನಂತಿಯಂತೆ ಅಳಿಸಿದ್ದರೂ ಅದೇ ಪಟ್ಟಿ ಬೇರೆಯವರ ಉತ್ತರದ ಮೇಲೆ ಏರಿ ಅವರ ಪೆಟ್ಟಿಗೆಗೆ ಮರಳಿ ಬರುತ್ತದೆ. ಅಳಿಸಿ ಎಂದು ಕೇಳಿದ ಪತ್ರವೇ ಅಳಿಸಬೇಕಾದ ವಸ್ತುವನ್ನು ಹೆಚ್ಚಿಸಿತು.

ಇಂಥ ಸರಣಿಗಳಲ್ಲಿ ಬರುವ ಉತ್ತರಗಳ ಜಾಡು ಎಲ್ಲ ಕಡೆಯೂ ಒಂದೇ. ‘ಅಳಿಸಿದ್ದೇನೆ’ ಎನ್ನುವವರು ಕೆಲವರು, ‘ನನ್ನನ್ನು ಪಟ್ಟಿಯಿಂದ ತೆಗೆಯಿರಿ’ ಎನ್ನುವವರು ಕೆಲವರು, ಹೀಗೇಕಾಯಿತು ಎಂದು ಸಿಟ್ಟಾಗುವವರು ಕೆಲವರು, ಮತ್ತು ದಯವಿಟ್ಟು ಯಾರೂ ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಉತ್ತರಿಸುವ ಮಹಾಶಯರು ಕೊನೆಗೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ ಇಮೇಲ್ ಜಾಲದಲ್ಲಿ 2016ರ ನವೆಂಬರ್‌ನಲ್ಲಿ ಪರೀಕ್ಷಾ ಪತ್ರವೊಂದು ಅಕಸ್ಮಾತ್ತಾಗಿ ಎಂಟು ಲಕ್ಷಕ್ಕೂ ಹೆಚ್ಚು ನೌಕರರಿಗೆ ಹೋದಾಗ ಇದೇ ಬಗೆಯ ಉತ್ತರಗಳಿಂದ ಇಡೀ ವ್ಯವಸ್ಥೆ ನಿಧಾನವಾಯಿತು. ಆಯೋಗದ ಪಟ್ಟಿ ಅಷ್ಟು ದೊಡ್ಡದಲ್ಲವಾದ್ದರಿಂದ ಸರ್ವರ್‌ಗೇನೂ ಆಗುವಂತಿರಲಿಲ್ಲ. ಹೊರೆ ಬಿದ್ದದ್ದು ಓದುವವರ ಮೇಲೆ, ಏಕೆಂದರೆ ಪೆಟ್ಟಿಗೆಗೆ ಬರುವ ಪ್ರತಿಯೊಂದು ಹೊಸ ಪತ್ರವೂ ತಮ್ಮ ಹೆಸರು ಬಯಲಾಗಿದೆ ಎಂಬುದನ್ನು ಅವರಿಗೆ ಮತ್ತೆ ಹೇಳುತ್ತಿತ್ತು.

ಹಾಗಾದರೆ ರಿಪ್ಲೈ ಆಲ್ ಯಾವಾಗ ಸರಿ? ಉತ್ತರ ಓದಿದ ಮೇಲೆ ಪಟ್ಟಿಯಲ್ಲಿರುವವರು ತಾವು ಮಾಡಲಿರುವ ಯಾವುದಾದರೂ ಕೆಲಸವನ್ನು ಬದಲಿಸಬೇಕಾಗುತ್ತದೆಯೇ ಎಂಬುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಪ್ರಶ್ನೆ. ಇದೇ ಬಹಿರಂಗ ವಿಚಾರಣೆಯ ಸಿದ್ಧತೆಯ ಕುರಿತು ಕಚೇರಿಯೊಳಗೆ ಒಂದು ಪತ್ರ ಓಡಾಡುತ್ತಿದೆ ಎಂದು ಭಾವಿಸೋಣ: ಟು ಸಾಲಿನಲ್ಲಿ ಏರ್ಪಾಡು ನೋಡಿಕೊಳ್ಳುವ ಅಧಿಕಾರಿ, ಸಿಸಿಯಲ್ಲಿ ವಕೀಲರು, ಭದ್ರತೆಯವರು ಮತ್ತು ತಾಂತ್ರಿಕ ವಿಭಾಗದವರು. ‘ಸಭಾಂಗಣ ಬದಲಾಗಿದೆ, ಎರಡನೆಯ ಮಹಡಿ’ ಎಂಬ ಉತ್ತರ ಎಲ್ಲರಿಗೂ ಹೋಗಬೇಕು, ಏಕೆಂದರೆ ಭದ್ರತೆಯವರು ಬೇರೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ, ತಾಂತ್ರಿಕ ವಿಭಾಗದವರು ಮೈಕನ್ನು ಬೇರೆಡೆ ಜೋಡಿಸಬೇಕಾಗುತ್ತದೆ. ಅಲ್ಲಿ ಬರೀ ರಿಪ್ಲೈ ಒತ್ತಿ ಒಬ್ಬರಿಗಷ್ಟೇ ತಿಳಿಸುವುದು ಮೌನದಷ್ಟೇ ಕೆಟ್ಟದ್ದು. ‘ಗಮನಿಸಲಾಗಿದೆ, ಧನ್ಯವಾದಗಳು’ ಎಂಬ ಉತ್ತರ ಬೇಕಿರುವುದು ಕಳುಹಿಸಿದ ಒಬ್ಬರಿಗೆ. ಉಳಿದವರಿಗೆ ಅದು ಸದ್ದು. ‘ಆ ದಿನ ನನಗೆ ಬರಲಾಗದು’ ಎಂಬುದು ನಡುವಿನದು: ಬರದಿರುವವರು ವಕೀಲರಾದರೆ ವಿಚಾರಣೆಯೇ ಮುಂದೂಡಬೇಕಾದೀತು, ಆಗ ಎಲ್ಲರಿಗೂ ತಿಳಿಯಬೇಕು, ಕುರ್ಚಿಗಳ ಲೆಕ್ಕ ಹಾಕುವವರಿಗಷ್ಟೇ ಬೇಕಾದ ವಿಷಯವಾದರೆ ಒಬ್ಬರಿಗೆ ಸಾಕು. ಸಿಸಿಯಲ್ಲಿ ಇರುವವರ ಸಂಖ್ಯೆ ಹೆಚ್ಚಿದಷ್ಟೂ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವ ಸಂಭವವೂ ಹೆಚ್ಚುತ್ತದೆ, ಆದ್ದರಿಂದ ಕೆಲಸ ಯಾರದ್ದು ಎಂಬುದನ್ನು ಪತ್ರದ ಮೊದಲ ಸಾಲಿನಲ್ಲಿ ಹೆಸರು ಹಿಡಿದು ಬರೆಯುವುದು ಕ್ಷೇಮ.

ಬಿಸಿಸಿಗೆ ಗುಟ್ಟಲ್ಲದ ಒಂದು ಉಪಯೋಗ ಇರುವುದೂ ಇಲ್ಲೇ. ಮೇಲಿನ ಪತ್ರಸರಣಿಯಲ್ಲಿ ವಕೀಲರ ಕೆಲಸ ಮುಗಿದು, ಉಳಿದದ್ದು ಮೈಕು ಕುರ್ಚಿಗಳ ವಿಷಯವಷ್ಟೇ ಎಂದಾದಾಗ, ಉತ್ತರಿಸುವವರು ವಕೀಲರನ್ನು ಸಿಸಿಯಿಂದ ಬಿಸಿಸಿಗೆ ಸರಿಸಿ, ‘ವಕೀಲರನ್ನು ಬಿಸಿಸಿಗೆ ಸರಿಸಿದ್ದೇನೆ, ಮುಂದಿನ ಪತ್ರಗಳು ಅವರಿಗೆ ಹೋಗುವುದಿಲ್ಲ’ ಎಂದು ಮೊದಲ ಸಾಲಿನಲ್ಲೇ ಹೇಳಬಹುದು. ಆ ಪತ್ರ ಅವರಿಗೆ ತಲುಪುತ್ತದೆ, ತಮ್ಮನ್ನು ಬಿಡಿಸಿದ್ದು ಅವರಿಗೂ ಉಳಿದವರಿಗೂ ಗೊತ್ತಾಗುತ್ತದೆ, ಮುಂದೆ ಯಾರು ರಿಪ್ಲೈ ಆಲ್ ಒತ್ತಿದರೂ ಅವರ ಪೆಟ್ಟಿಗೆ ತುಂಬುವುದಿಲ್ಲ. ಇದಕ್ಕೆ ವಿರುದ್ಧವಾದದ್ದು, ಸಹೋದ್ಯೋಗಿಗೆ ಬರೆದ ಪತ್ರವನ್ನು ಮೇಲಧಿಕಾರಿಗೆ ಬಿಸಿಸಿಯಲ್ಲಿ ತೋರಿಸುವ ಚಾಳಿ. ಮೇಲಧಿಕಾರಿ ಅದನ್ನು ಓದಿ ಅಭ್ಯಾಸಬಲದಿಂದ ರಿಪ್ಲೈ ಆಲ್ ಒತ್ತಿದರೆ ಉತ್ತರ ಆ ಸಹೋದ್ಯೋಗಿಗೂ ಹೋಗಿ ಗುಟ್ಟು ಅಲ್ಲಿಗೇ ರಟ್ಟಾಗುತ್ತದೆ. ತೋರಿಸಲೇಬೇಕಾದ ಕಾರಣವಿದ್ದರೆ, ಕಳುಹಿಸಿದ ಪತ್ರವನ್ನು ಬೇರೆಯಾಗಿ ಫಾರ್ವರ್ಡ್ ಮಾಡುವುದರಲ್ಲಿ ಆ ಅಪಾಯವಾದರೂ ಇಲ್ಲ.

ಆಯೋಗದ ಸಂದರ್ಭದಲ್ಲಿ, ತಪ್ಪನ್ನು ಕಂಡ ಮೊದಲ ವ್ಯಕ್ತಿ ಬರೆಯಬೇಕಿದ್ದುದು ಕಳುಹಿಸಿದವರಿಗೆ ಮಾತ್ರ, ಪಟ್ಟಿಯಿಲ್ಲದ ಹೊಸ ಪತ್ರದಲ್ಲಿ. ಆದರೆ ಆ ಹೊತ್ತಿನಲ್ಲಿ ಅವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನೊಂದವರು ಗುಂಡಿಗಳ ಸೂಕ್ಷ್ಮವನ್ನು ನೋಡುತ್ತ ಕೂರುವುದಿಲ್ಲ. ಹೊಣೆ ಕಳುಹಿಸಿದ ಕಚೇರಿಯದ್ದು. ಅದು ಮೂರು ಪತ್ರಗಳ ಬದಲು ಒಂದೇ ಪತ್ರವನ್ನು, ಹಳೆಯ ಪತ್ರಕ್ಕೆ ಉತ್ತರವಾಗಿ ಅಲ್ಲದೆ ಹೊಸದಾಗಿ, ಹಳೆಯ ಸಾಲುಗಳನ್ನು ಉಲ್ಲೇಖಿಸದೆ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸಬಹುದಿತ್ತು. 90 ಜನರಿಗೆ ಕೈಯಿಂದಲೇ ಒಂದೊಂದಾಗಿ ಕಳುಹಿಸಿದರೂ ಅದು ಒಂದು ಮಧ್ಯಾಹ್ನದ ಕೆಲಸ. ಅದರ ಒಕ್ಕಣೆ ಹೀಗಿದ್ದರೆ ಸಾಕಾಗುತ್ತಿತ್ತು:

‘ಇಂದು ನಮ್ಮಿಂದ ಬಂದ ಎರಡನೆಯ ಪತ್ರದಲ್ಲಿ ನಿಮ್ಮ ಇಮೇಲ್ ವಿಳಾಸವು ಅದನ್ನು ಪಡೆದ ಇತರರಿಗೆ ಕಾಣುವಂತಾಗಿದೆ. ತಪ್ಪು ನಮ್ಮದು. ದಯವಿಟ್ಟು ಆ ಪತ್ರವನ್ನು ತೆರೆಯದೆ ಅಳಿಸಿ, ಅದಕ್ಕೆ ಉತ್ತರಿಸಬೇಡಿ. ಅಳಿಸಿದ್ದನ್ನು ನಮಗೆ ತಿಳಿಸುವ ಅಗತ್ಯವಿಲ್ಲ. ಮಾತನಾಡಬೇಕೆನಿಸಿದರೆ ಈ ದೂರವಾಣಿಗೆ ಕರೆ ಮಾಡಿ.’

ಇದರಲ್ಲಿ ‘ತಿಳಿಸುವ ಅಗತ್ಯವಿಲ್ಲ’ ಎಂಬ ವಾಕ್ಯ ಚಿಕ್ಕದಾಗಿ ಕಂಡರೂ ಗದ್ದಲವನ್ನು ತಡೆಯುವುದು ಅದೇ. ವಿನಂತಿ ಮಾಡಿದವರಿಗೆ ಉತ್ತರ ಕೊಡುವುದು ಸಭ್ಯತೆ ಎಂದು ಜನ ತಿಳಿದಿರುತ್ತಾರೆ, ಆ ಸಭ್ಯತೆಯಿಂದಲೇ ಅರ್ಧ ಉತ್ತರಗಳು ಹುಟ್ಟುತ್ತವೆ. ದೂರವಾಣಿಯ ಸಾಲು ಕೋಪಕ್ಕೂ ನೋವಿಗೂ ಪಟ್ಟಿಯ ಹೊರಗೆ ಒಂದು ದಾರಿಯನ್ನು ಕೊಡುತ್ತದೆ.

ಜುಲೈಯಲ್ಲಿ ಮತ್ತೆ

ಫೆಬ್ರವರಿಯ ಪ್ರಸಂಗದ ಬಳಿಕವೂ ಕತೆ ಮುಗಿಯಲಿಲ್ಲ. ಪಟ್ಟಿಯನ್ನು ನಿರ್ವಹಿಸಲು ಆಯೋಗವು ತಂತ್ರಜ್ಞಾನ ಸಂಸ್ಥೆಯೊಂದನ್ನು ನೇಮಿಸಿಕೊಂಡಿತ್ತು, ಮತ್ತು ಮೇಲಿಂಗ್ ಲಿಸ್ಟ್ ಮೂಲಕ ಪತ್ರ ಕಳುಹಿಸಿದರೆ ಪಡೆದವರು ಇಡೀ ಪಟ್ಟಿಗೆ ಉತ್ತರಿಸಲಾಗದು ಎಂಬ ಆ ಸಂಸ್ಥೆಯ ಮಾತನ್ನು ನಂಬಿತ್ತು. 2017ರ ಜುಲೈನಲ್ಲಿ ಪತ್ರ ಪಡೆದ ಒಬ್ಬರು ರಿಪ್ಲೈ ಆಲ್ ಒತ್ತಿದರು, ಅವರ ಉತ್ತರ ಇಡೀ ಪಟ್ಟಿಗೆ ಹೋಗಿ ಅವರ ವಿಳಾಸ ಎಲ್ಲರಿಗೂ ತಿಳಿಯಿತು. ಭಾಗಿಗಳ ವಿಳಾಸಗಳನ್ನು ಅವರ ಒಪ್ಪಿಗೆಯಿಲ್ಲದೆ ಆ ಸಂಸ್ಥೆಗೆ ಕೊಟ್ಟದ್ದು ಆಯೋಗದ ಸ್ವಂತ ಖಾಸಗಿತನದ ಪ್ರಕಟಣೆಗೇ ವಿರುದ್ಧವಾಗಿತ್ತೆಂದೂ ಮಾಹಿತಿ ಆಯುಕ್ತರ ಕಚೇರಿ ಹೇಳಿತು.

ಮೇಲಿಂಗ್ ಲಿಸ್ಟ್‌ನಲ್ಲಿ ಹೀಗಾಗುವ ಬಗೆ ಸರಳವಾಗಿದೆ. ಲಿಸ್ಟ್‌ಗೆ ತನ್ನದೇ ಒಂದು ವಿಳಾಸವಿರುತ್ತದೆ. ಅದಕ್ಕೆ ಬಂದ ಪತ್ರವನ್ನು ಅದು ಸದಸ್ಯರೆಲ್ಲರಿಗೂ ಹಂಚುತ್ತದೆ. ಸದಸ್ಯರ ವಿಳಾಸಗಳು ಪತ್ರದಲ್ಲಿ ಕಾಣುವುದಿಲ್ಲ ಎಂಬುದು ನಿಜ, ಆದರೆ ಲಿಸ್ಟ್‌ನ ವಿಳಾಸ ಟು ಸಾಲಿನಲ್ಲಿ ಕಾಣುತ್ತದೆ. ಯಾರು ಬರೆದರೂ ಹಂಚುವಂತೆ ಲಿಸ್ಟ್ ಅನ್ನು ಹೊಂದಿಸಿದ್ದರೆ ರಿಪ್ಲೈ ಆಲ್ ಒತ್ತಿದ ಸದಸ್ಯರ ಪತ್ರ ಅವರ ಹೆಸರು ವಿಳಾಸಗಳ ಸಮೇತ ಎಲ್ಲರಿಗೂ ಹೋಗುತ್ತದೆ. ಪ್ರಕಟಣೆಗಾಗಿಯೇ ಇರುವ ಲಿಸ್ಟ್‌ನಲ್ಲಿ, ಹೆಸರಿಸಿದ ಒಂದೆರಡು ಖಾತೆಗಳಿಂದ ಬಂದ ಪತ್ರವನ್ನಷ್ಟೇ ಹಂಚಬೇಕು, ಉಳಿದದ್ದನ್ನು ತಿರಸ್ಕರಿಸಬೇಕು ಅಥವಾ ಪರಿಶೀಲನೆಗೆ ತಡೆದಿಡಬೇಕು ಎಂಬ ಆಯ್ಕೆಯನ್ನು ಆನ್ ಮಾಡಿರಬೇಕು. ವಿಳಾಸಗಳನ್ನು ಮುಚ್ಚಿಡುವುದೂ ಉತ್ತರವನ್ನು ತಡೆಯುವುದೂ ಎರಡು ಬೇರೆ ಬೇರೆ ಹೊಂದಾಣಿಕೆಗಳು, ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎಂದು ಭಾವಿಸುವಂತಿಲ್ಲ.

ಆಯುಕ್ತರ ಕಚೇರಿಯ ತೀರ್ಮಾನದ ತಿರುಳು ಸಿಬ್ಬಂದಿಯ ಕೈತಪ್ಪಿನ ಮೇಲೆ ನಿಂತಿರಲಿಲ್ಲ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪತ್ರ ಕಳುಹಿಸಬಲ್ಲ ಖಾತೆಯನ್ನು ಆಯೋಗ ಬಳಸಲಿಲ್ಲ, ವಿಳಾಸಗಳು ಬಿಸಿಸಿಯಲ್ಲೇ ಇವೆಯೇ ಎಂದು ಎರಡೆರಡು ಸಲ ನೋಡುವ ಬಗ್ಗೆ ಸಿಬ್ಬಂದಿಗೆ ಮಾರ್ಗದರ್ಶನವನ್ನೂ ತರಬೇತಿಯನ್ನೂ ಕೊಟ್ಟಿರಲಿಲ್ಲ ಎಂಬುದು ಅದರ ಆಕ್ಷೇಪ. ನನಗೆ ಇವೆರಡರಲ್ಲಿ ಮೊದಲನೆಯದೇ ಮುಖ್ಯವೆನಿಸುತ್ತದೆ. ತರಬೇತಿ ಪಡೆದವರೂ ತಪ್ಪುತ್ತಾರೆ. ಒಂದು ಪತ್ರದಲ್ಲಿ ಒಂದೇ ವಿಳಾಸವಿದ್ದರೆ ತಪ್ಪಲು ಪಟ್ಟಿಯೇ ಇರುವುದಿಲ್ಲ.

ನಾಲ್ಕು ವರ್ಷಗಳ ನಂತರ ಇದೇ ತಪ್ಪು ಪ್ರಾಣಾಪಾಯದ ಅಂಚಿಗೆ ಹೋಯಿತು. 2021ರ ಸೆಪ್ಟೆಂಬರ್ 20ರಂದು ಬ್ರಿಟನ್ನಿನ ರಕ್ಷಣಾ ಸಚಿವಾಲಯವು ತಾಲಿಬಾನ್ ವಶವಾಗಿದ್ದ ಅಫ್ಘಾನಿಸ್ತಾನದಿಂದ ಸ್ಥಳಾಂತರಕ್ಕೆ ಅರ್ಹರಾಗಿದ್ದವರಿಗೆ ಬರೆದ ಪತ್ರದಲ್ಲಿ 245 ವಿಳಾಸಗಳು ಟು ಸಾಲಿನಲ್ಲಿದ್ದವು. 55 ಜನರ ಖಾತೆಯ ಪುಟ್ಟ ಭಾವಚಿತ್ರಗಳೂ ಕಾಣುತ್ತಿದ್ದವು. ಇಬ್ಬರು ರಿಪ್ಲೈ ಆಲ್ ಒತ್ತಿದರು, ಅವರಲ್ಲಿ ಒಬ್ಬರು ತಾವಿರುವ ಸ್ಥಳವನ್ನು ಬರೆದಿದ್ದರು. ಆ ಪ್ರಕರಣದಲ್ಲಿ 2023ರ ಡಿಸೆಂಬರ್‌ನಲ್ಲಿ 3,50,000 ಪೌಂಡ್ ದಂಡ ಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಆಯುಕ್ತರ ಕಚೇರಿ, ಸೂಕ್ಷ್ಮ ಮಾಹಿತಿಯಿರುವ ಕಡೆ ಬಿಸಿಸಿಯೊಂದನ್ನೇ ನಂಬದೆ ಮೇಲ್ ಮರ್ಜ್ ಅಥವಾ ಸಗಟು ಇಮೇಲ್ ಸೇವೆಯಂಥ ದಾರಿಗಳನ್ನು ಬಳಸಿ ಎಂದು ಸಂಸ್ಥೆಗಳಿಗೆ ಹೇಳಿತ್ತು.

ಮೇಲ್ ಮರ್ಜ್ ಎಂದರೆ ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದರಂತೆ ವಿಳಾಸಗಳನ್ನಿಟ್ಟು, ವರ್ಡ್‌ನಲ್ಲಿ ಬರೆದ ಪತ್ರವನ್ನು ಪ್ರತಿ ಸಾಲಿಗೂ ಬೇರೆ ಬೇರೆಯಾಗಿ ಕಳುಹಿಸುವುದು. ಅದರಲ್ಲೂ ಎಡವಟ್ಟಾಗದೆ ಇರುವುದಿಲ್ಲ: ಒಂದೇ ಕಂಬಸಾಲನ್ನು ಅಕಾರಾದಿಯಾಗಿ ಜೋಡಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಒಬ್ಬರ ಹೆಸರಿನ ಪತ್ರ ಇನ್ನೊಬ್ಬರ ವಿಳಾಸಕ್ಕೆ ಹೋಗುತ್ತದೆ, ಆದ್ದರಿಂದ ಸೂಕ್ಷ್ಮ ಪಟ್ಟಿಗೆ ಬರೆಯುವಾಗ ಪತ್ರದಲ್ಲಿ ಹೆಸರನ್ನೇ ಬಳಸದೆ ‘ಮಾನ್ಯರೇ’ ಎಂದು ಆರಂಭಿಸುವುದು ಮೇಲು. ಹತ್ತು ಹದಿನೈದು ಜನರ, ಬಯಲಾದರೂ ಹಾನಿಯಿಲ್ಲದ ಪಟ್ಟಿಗೆ, ಉದಾಹರಣೆಗೆ ಬಡಾವಣೆಯ ಸಂಘದ ಸಭೆಯ ಆಹ್ವಾನಕ್ಕೆ, ಇಷ್ಟೆಲ್ಲ ಬೇಡ. ಅಲ್ಲಿ ಟು ಸಾಲಿನಲ್ಲಿ ತಮ್ಮದೇ ವಿಳಾಸ ಹಾಕಿ ಉಳಿದವರನ್ನು ಬಿಸಿಸಿಯಲ್ಲಿಟ್ಟರೆ ಸಾಕು.

ಯಾವ ದಾರಿ ಹಿಡಿದರೂ ನಿಜವಾದ ಪಟ್ಟಿಗೆ ಕಳುಹಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು, ಮತ್ತು ತಿದ್ದುಪಡಿಯ ಪತ್ರವಾದರೆ ಅದನ್ನು ಮತ್ತೊಮ್ಮೆ ಮಾಡಬೇಕು. ಕಚೇರಿಯವರದೇ ಮೂರು ಖಾತೆಗಳನ್ನು, ಅವುಗಳಲ್ಲಿ ಒಂದಾದರೂ ಬೇರೆ ಸೇವೆಯದ್ದು ಇರುವಂತೆ ನೋಡಿಕೊಂಡು, ಪಟ್ಟಿಯಾಗಿ ಮಾಡಿ ಪತ್ರವನ್ನು ಅದೇ ವಿಧಾನದಲ್ಲಿ ಅವುಗಳಿಗೆ ಕಳುಹಿಸಬೇಕು. ಬಂದ ಪತ್ರವನ್ನು ಜಿಮೇಲ್‌ನಲ್ಲಿ ತೆರೆದು ‘ಶೋ ಒರಿಜಿನಲ್’ ಆಯ್ಕೆಯಿಂದ ಮೂಲರೂಪ ನೋಡಿ, ಉಳಿದೆರಡು ವಿಳಾಸಗಳು ಅಲ್ಲಿ ಎಲ್ಲಾದರೂ ಇವೆಯೇ ಎಂದು ಹುಡುಕಬೇಕು. ನಂತರ ಆ ಮೂರರಲ್ಲಿ ಒಂದರಿಂದ ರಿಪ್ಲೈ ಆಲ್ ಒತ್ತಿ, ಉಳಿದೆರಡು ಪೆಟ್ಟಿಗೆಗಳಿಗೆ ಏನಾದರೂ ಬರುತ್ತದೆಯೇ ಎಂದು ಕಾದು ನೋಡಬೇಕು. ಲಿಸ್ಟ್ ಉತ್ತರವನ್ನು ತಡೆಯುತ್ತದೆ ಎಂಬ ಭರವಸೆ ಜುಲೈಗೆ ಮೊದಲು ಈ ಪರೀಕ್ಷೆಗೆ ಒಳಗಾಗಿದ್ದರೆ, ಅದು ಸುಳ್ಳೆಂಬುದು ಕಚೇರಿಯವರ ಮೂರು ಪೆಟ್ಟಿಗೆಗಳಲ್ಲೇ ಗೊತ್ತಾಗುತ್ತಿತ್ತು.